ಸೀಮೆಹಸು ಮಾರಿದ ಅರವತ್ತು ಸಾವಿರ

ಕೋಲಾರ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ತರಗತಿಯ ಮುಕ್ಕಾಲು ಪಾಲು ಮಕ್ಕಳು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಸ್ಸು ಹತ್ತುವವರು. ಹಾಗಾಗಿ ರಾಷ್ಟ್ರೀಯ ಆದಾಯದ ಪಾಠದ ಮೊದಲ ಕಿರುಪರೀಕ್ಷೆಗೆ ಕಾರ್ಖಾನೆ, ಕಂಪನಿಗಳನ್ನೆಲ್ಲ ಬಿಟ್ಟು ಒಂದು ಹಾಲಿನ ಮನೆಯ ಲೆಕ್ಕವನ್ನೇ ಕೊಟ್ಟೆ. ಇವರಿಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ.

ಲೆಕ್ಕ ಇಷ್ಟೇ. ಏಪ್ರಿಲ್ 1ರಂದು ಆ ಮನೆಯಲ್ಲಿ ತಲಾ 60,000 ರೂಪಾಯಿ ಬಾಳುವ ಮೂರು ಸೀಮೆಹಸು ಇವೆ. ಬ್ಯಾಂಕಿನಲ್ಲಿ 30,000 ಇದೆ, ಸೊಸೈಟಿಯಲ್ಲಿ 80,000 ಸಾಲ ಇದೆ. ಜಮೀನು, ಮನೆ ಲೆಕ್ಕಕ್ಕೆ ಬೇಡ. ವರ್ಷದಲ್ಲಿ ಡೇರಿಗೆ 6,000 ಲೀಟರ್ ಹಾಲು ಹಾಕಿ, ಲೀಟರಿಗೆ 35ರಂತೆ 2,10,000 ಬಟವಾಡೆ ಪಡೆದಿದ್ದಾರೆ. ಹಿಂಡಿ, ಬೂಸಾ, ಹುಲ್ಲು, ಡಾಕ್ಟರು ಎಲ್ಲ ಸೇರಿ 1,20,000 ಹೋಗಿದೆ. ಸಾಲದ ಬಡ್ಡಿಯೂ ಸೇರಿ ಮನೆ ಖರ್ಚು 65,000. ನಡುವೆ ಸಂತೆಯಲ್ಲಿ ಒಂದು ಹಸುವನ್ನು 60,000ಕ್ಕೆ ಮಾರಿ, ಅದರಲ್ಲಿ 50,000 ಸಾಲದ ಅಸಲಿಗೆ ಕಟ್ಟಿದ್ದಾರೆ. ಈ ಮನೆಯ ವರ್ಷದ ಆದಾಯ ಎಷ್ಟು, ಉಳಿತಾಯ ಎಷ್ಟು, ಮಾರ್ಚ್ 31ರಂದು ನಿವ್ವಳ ಸಂಪತ್ತು ಎಷ್ಟು?

ಉತ್ತರಪತ್ರಿಕೆ ತಿದ್ದಲು ಕೂತಾಗ ನನಗೇ ನಾಚಿಕೆಯಾಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಆದಾಯ 1,50,000 ಎಂದು ಬರೆದಿದ್ದರು. ಹಾಲಿನ ನಿವ್ವಳ 90,000, ಹಸು ಮಾರಿದ್ದು 60,000. ‘ಯಾಕಮ್ಮ, ಹಸು ಮಾರಿದ್ದನ್ನ ಆದಾಯಕ್ಕೆ ಸೇರಿಸಿದ್ದೀಯ?’ ಎಂದು ಒಬ್ಬಳನ್ನು ಕೇಳಿದರೆ, ‘ಸಾರ್, ದುಡ್ಡು ಬಂತಲ್ಲ’ ಅಂದಳು. ಅವಳದು ತಪ್ಪು ಎನ್ನಲು ನನ್ನಲ್ಲಿ ಒಂದು ವ್ಯಾಖ್ಯಾನ ಇತ್ತು, ಆದರೆ ತಪ್ಪು ಅವಳ ಕಣ್ಣಿಗೆ ಕಾಣುವ ಹಾಗೆ ಮಾಡುವ ದಾರಿ ಇರಲಿಲ್ಲ. ದಾಸ್ತಾನು ಎಂದರೆ ಒಂದು ನಿರ್ದಿಷ್ಟ ಸಮಯದಲ್ಲಿ ಅಳೆಯುವಂಥದ್ದು, ಹರಿವು ಎಂದರೆ ಒಂದು ಅವಧಿಯಲ್ಲಿ ಅಳೆಯುವಂಥದ್ದು. ಈ ಎರಡು ಸಾಲನ್ನು ಅವಳು ಅದೇ ಪತ್ರಿಕೆಯ ಮೊದಲ ಪುಟದಲ್ಲಿ ಅಕ್ಷರ ತಪ್ಪಿಲ್ಲದೆ ಬರೆದು ಎರಡು ಅಂಕ ತೆಗೆದುಕೊಂಡಿದ್ದಳು!

ಮರುದಿನ ಕರಿಹಲಗೆಯ ಮೇಲೆ ಬೇರೆ ರೀತಿ ಶುರು ಮಾಡಿದೆ. ಆದಾಯದ ಮಾತೇ ಎತ್ತದೆ ಮೊದಲು ಎರಡು ದಿನದ ಚಿತ್ರ ಬರೆಸಿದೆ. ಏಪ್ರಿಲ್ 1ರಂದು ಹಸು 1,80,000, ಬ್ಯಾಂಕು 30,000, ಕಳೆಯಬೇಕಾದ ಸಾಲ 80,000. ನಿವ್ವಳ ಸಂಪತ್ತು 1,30,000. ಮಾರ್ಚ್ 31ಕ್ಕೆ ಬರುವಷ್ಟರಲ್ಲಿ ಹಸು ಎರಡೇ, 1,20,000. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಒಂದೊಂದಾಗಿ ಕೂಡಿಸಿ ಕಳೆದೆವು: ಮೊದಲಿದ್ದ 30,000, ಹಾಲಿನಿಂದ 90,000, ಹಸುವಿನಿಂದ 60,000, ಖರ್ಚಾದದ್ದು 65,000, ಅಸಲು ಕಟ್ಟಿದ್ದು 50,000. ಕೊನೆಗೆ 65,000 ಉಳಿಯಿತು. ಸಾಲ 30,000ಕ್ಕೆ ಇಳಿದಿದೆ. ನಿವ್ವಳ ಸಂಪತ್ತು 1,55,000. ಅಂದರೆ ವರ್ಷದಲ್ಲಿ ಈ ಮನೆ 25,000 ರೂಪಾಯಿಯಷ್ಟು ಮೇಲೆ ಬಂದಿದೆ.

ಆಮೇಲೆ ಆ ಹುಡುಗಿಗೆ ಅವಳದೇ ಉತ್ತರ ಮುಂದುವರಿಸಲು ಹೇಳಿದೆ. ಆದಾಯ 1,50,000, ಖರ್ಚು 65,000, ಉಳಿತಾಯ 85,000. ‘ಎಂಬತ್ತೈದು ಸಾವಿರ ಉಳಿಸಿದವರ ಆಸ್ತಿ ಇಪ್ಪತ್ತೈದೇ ಸಾವಿರ ಏರಿದ್ದು ಹೇಗಮ್ಮ? ಮಿಕ್ಕಿದ್ದೆಲ್ಲಿ?’ ಅವಳು ಸ್ವಲ್ಪ ಹೊತ್ತು ಹಲಗೆ ನೋಡಿ, ‘ಅರವತ್ತು ಸಾವಿರ ಸಾರ್... ಹಸು!’ ಎಂದಳು. ಹಟ್ಟಿಯಲ್ಲಿದ್ದ ಅರವತ್ತು ಸಾವಿರ ಬ್ಯಾಂಕಿಗೆ ಬಂತೇ ಹೊರತು ಹೊಸದಾಗಿ ಏನೂ ಹುಟ್ಟಲಿಲ್ಲ. ಆದಾಯ 90,000 ಎಂದು ಹಿಡಿದು ಖರ್ಚು ಕಳೆದರೆ ಸರಿಯಾಗಿ 25,000 ಉಳಿಯುತ್ತದೆ, ಎರಡು ದಿನದ ಚಿತ್ರಗಳ ವ್ಯತ್ಯಾಸವೂ ಅಷ್ಟೇ.

ಅಂದಿನಿಂದ ನನ್ನ ಪಾಠದಲ್ಲಿ ಇದೇ ತಾಳೆ ನೋಡುವ ಕ್ರಮ. ಅವಧಿಯ ಉಳಿತಾಯ ಹರಿವು. ಅವಧಿಯ ಮೊದಲ ದಿನ ಮತ್ತು ಕೊನೆಯ ದಿನದ ಸಂಪತ್ತು ದಾಸ್ತಾನು. ದಾಸ್ತಾನಿನಲ್ಲಾದ ಏರಿಕೆಗೆ ಹರಿವು ತಾಳೆಯಾಗದಿದ್ದರೆ ಎಲ್ಲೋ ಒಂದನ್ನು ಇನ್ನೊಂದರ ಖಾತೆಗೆ ಹಾಕಿದ್ದೀರಿ. ತಾಳೆಯಾಗದೆ ಉಳಿದ ಮೊತ್ತ ಎಷ್ಟು ಎಂದು ನೋಡಿದರೆ ತಪ್ಪಿನ ಜಾಗ ಬಹಳ ಸಲ ತಾನೇ ಗೊತ್ತಾಗುತ್ತದೆ, ಇಲ್ಲಿ ಹಸುವಿನ ಬೆಲೆ ಸಿಕ್ಕಿಬಿದ್ದ ಹಾಗೆ.

ಬಹಳ ಸಲ ಎಂದೆ, ಎಲ್ಲ ಸಲವಲ್ಲ. ಅದೇ ಕಟ್ಟಿನಲ್ಲಿ ಒಬ್ಬ ಹುಡುಗ ಹಸು ಮಾರಿದ್ದನ್ನು ಆದಾಯಕ್ಕೆ ಸೇರಿಸಿ, ಸಾಲದ ಅಸಲು ಕಟ್ಟಿದ 50,000ವನ್ನು ಖರ್ಚಿಗೆ ಸೇರಿಸಿದ್ದ. ಅವನ ಉಳಿತಾಯ 35,000. ಸರಿಯುತ್ತರಕ್ಕೂ ಅದಕ್ಕೂ ಹತ್ತೇ ಸಾವಿರ ವ್ಯತ್ಯಾಸ. ನೋಡಿದರೆ ಏನೋ ಕೂಡುವಾಗ ತಪ್ಪಿದ್ದಾನೆ ಅನ್ನಿಸುತ್ತದೆ. ನಿಜಕ್ಕೂ ಎರಡು ದೊಡ್ಡ ತಪ್ಪು ಒಂದನ್ನೊಂದು ಮುಚ್ಚಿಕೊಂಡಿದ್ದವು. ಹಸು ಮಾರಿದ 60,000 ಅಷ್ಟನ್ನೂ ಸಾಲಕ್ಕೆ ಕಟ್ಟಿದ್ದರೆ ಉಳಿತಾಯದ ಅಂಕಿ ಸರಿಯಾಗಿಯೇ ಬಂದು, ಆದಾಯ ಮತ್ತು ಖರ್ಚು ಎರಡೂ ಸುಳ್ಳಾಗಿರುತ್ತಿದ್ದವು. ಸಾಲ ತೀರಿಸುವುದು ಖರ್ಚಲ್ಲ. ಕೈಯಲ್ಲಿದ್ದ ಹಣವೂ ಇಳಿಯಿತು, ತಲೆ ಮೇಲಿದ್ದ ಸಾಲವೂ ಅಷ್ಟೇ ಇಳಿಯಿತು. ಬಡ್ಡಿ ಮಾತ್ರ ಖರ್ಚು. ಬಡ್ಡಿಯನ್ನು ವರ್ಷಕ್ಕೆ ಇಷ್ಟು ಎನ್ನುತ್ತೇವೆ, ಸಾಲವನ್ನು ಇವತ್ತಿಗೆ ಇಷ್ಟಿದೆ ಎನ್ನುತ್ತೇವೆ.

ಆ ‘ವರ್ಷಕ್ಕೆ’ ಎಂಬ ಪದ ನಮ್ಮ ಭಾಷೆ ಕೊಟ್ಟ ಒಳ್ಳೆಯ ಒರೆಗಲ್ಲು. ಯಾವ ಅಂಕಿ ಬಂದರೂ ‘ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ’ ಸೇರಿಸಿ ಗಟ್ಟಿಯಾಗಿ ಓದಿ ನೋಡಿ ಎನ್ನುತ್ತೇನೆ. ‘ದಿನಕ್ಕೆ ಹದಿನಾರು ಲೀಟರ್ ಹಾಲು’ ಕಿವಿಗೆ ಒಪ್ಪುತ್ತದೆ. ‘ವರ್ಷಕ್ಕೆ ಮೂರು ಹಸು ಇವೆ’ ಎಂದರೆ ಇಡೀ ತರಗತಿ ನಗುತ್ತದೆ. ಹರಿವಿನ ಅಂಕಿಗೆ ಅವಧಿ ಬಿಟ್ಟರೆ ಅರ್ಥವೇ ಇರದು. ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ತರುವ ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ ಒಬ್ಬ ‘440 ದಶಲಕ್ಷ ಲೀಟರ್ ನೀರಿದೆ’ ಎಂದು ಬರೆದಿದ್ದ. ಅದು ಯೋಜನೆ ರೂಪಿಸಿದಾಗ ಇಟ್ಟುಕೊಂಡ, ದಿನಕ್ಕೆ ಹರಿಸಬೇಕಾದ ನೀರಿನ ಲೆಕ್ಕ. ಯಾವುದೋ ಕೆರೆಯಲ್ಲಿ ನಿಂತ ನೀರಿನದಲ್ಲ.

ಈ ಗೊಂದಲದಲ್ಲಿ ನಾನೇನು ಮೇಲಲ್ಲ. ಪದವಿ ಓದುವಾಗ ‘ವಿತ್ತೀಯ ಕೊರತೆ ಕಡಿಮೆಯಾದ್ದರಿಂದ ಸರ್ಕಾರದ ಸಾಲ ಇಳಿಯಿತು’ ಎಂದು ಬರೆದು, ಮೇಷ್ಟ್ರ ಕೆಂಪು ಶಾಯಿಯ ದೊಡ್ಡ ಸೊನ್ನೆ ತಿಂದವನು. ಕೊರತೆ ಎಂಬುದು ಆ ವರ್ಷ ಹೊಸದಾಗಿ ಮಾಡಬೇಕಾದ ಸಾಲ, ಅದು ಹರಿವು. ಸಾಲ ಎಂಬುದು ಹಿಂದಿನದೆಲ್ಲ ಕೂಡಿ ನಿಂತದ್ದು. 100 ಸಾಲವಿದ್ದ ಸರ್ಕಾರ ಒಂದು ವರ್ಷ 9, ಮರುವರ್ಷ 6 ಕೊರತೆ ಮಾಡಿದರೆ ಕೊರತೆ ಮೂರನೇ ಒಂದು ಪಾಲು ಇಳಿದಿದೆ, ಸಾಲ ಮಾತ್ರ 109ರಿಂದ 115ಕ್ಕೆ ಏರಿದೆ. ತುಂಬುತ್ತಿರುವ ಕೆರೆಗೆ ಒಳಹರಿವು ತಗ್ಗಿದ ಮಾತ್ರಕ್ಕೆ ನೀರು ಇಳಿಯುವುದಿಲ್ಲವಲ್ಲ, ಹಾಗೆ. ಸಾಲ ನಿಜಕ್ಕೂ ಇಳಿಯಬೇಕಾದರೆ ಕೊರತೆ ಸೊನ್ನೆಗಿಂತ ಕೆಳಗೆ ಹೋಗಿ ಮಿಗತೆ ಆಗಬೇಕು. ಜಿಡಿಪಿಗೆ ಹೋಲಿಸಿದ ಸಾಲದ ಪ್ರಮಾಣ ಬೇರೆ ಮಾತು. ಜಿಡಿಪಿ ಇನ್ನೂ ವೇಗವಾಗಿ ಬೆಳೆದರೆ ಸಾಲ ಏರುತ್ತಿದ್ದರೂ ಆ ಪ್ರಮಾಣ ಇಳಿಯಬಹುದು. ಈ ಎರಡು ವಾಕ್ಯವನ್ನು ಬೆರೆಸಿ ಬರೆಯುವವರು ಪತ್ರಿಕೆಗಳಲ್ಲೂ ಇದ್ದಾರೆ.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ಬಲೆ ಇದೆ. ‘ದಾಸ್ತಾನು’ ಎಂದರೆ ಸ್ಟಾಕ್ ಚಲಕವೂ ಹೌದು, ಗೋದಾಮಿನಲ್ಲಿ ಮಾರದೆ ಉಳಿದ ಸರಕೂ ಹೌದು. ಹಾಗಾಗಿ ‘ದಾಸ್ತಾನಿನಲ್ಲಿ ಬದಲಾವಣೆ’ ಎಂಬುದನ್ನು ಹೆಸರು ನೋಡಿ ದಾಸ್ತಾನು ಎಂದೇ ಗುರುತು ಹಾಕುತ್ತಾರೆ. ಅದು ಅಪ್ಪಟ ಹರಿವು. ಶಿಡ್ಲಘಟ್ಟದ ಒಂದು ರೇಷ್ಮೆ ಬಿಚ್ಚಾಣಿಕೆ ಘಟಕ ವರ್ಷದಲ್ಲಿ 18 ಲಕ್ಷದ ರೇಷ್ಮೆ ಮಾರಿದೆ ಎನ್ನಿ. ವರ್ಷದ ಆರಂಭದಲ್ಲಿ 2 ಲಕ್ಷದ ರೇಷ್ಮೆ ಮಾರದೆ ಉಳಿದಿತ್ತು, ಕೊನೆಯಲ್ಲಿ 3 ಲಕ್ಷದ್ದು ಉಳಿದಿದೆ. ಉತ್ಪನ್ನದ ಮೌಲ್ಯ 19 ಲಕ್ಷ. ಮಕ್ಕಳು ಕೊನೆಯ ದಾಸ್ತಾನನ್ನೇ ಕೂಡಿಸಿ 21 ಲಕ್ಷ ಬರೆಯುತ್ತಾರೆ, ಆಗ ಹೋದ ವರ್ಷ ಬಿಚ್ಚಿದ 2 ಲಕ್ಷದ ರೇಷ್ಮೆ ಈ ವರ್ಷದ ಉತ್ಪಾದನೆಯಲ್ಲಿ ಮತ್ತೆ ಹುಟ್ಟುತ್ತದೆ. ನಾನು ಈಗ ತರಗತಿಯಲ್ಲಿ ಸರಕಿಗೆ ‘ಉಳಿದ ಮಾಲು’ ಎಂದೇ ಹೇಳುತ್ತೇನೆ, ಪರೀಕ್ಷೆಗೆ ಮಾತ್ರ ಪುಸ್ತಕದ ಪದ.

ನನ್ನ ತಾಳೆ ಸೂತ್ರಕ್ಕೂ ಒಂದು ಮಿತಿ ಇದೆ. ಹಟ್ಟಿಯಲ್ಲಿ ಉಳಿದ ಎರಡು ಹಸುಗಳ ಬೆಲೆ ಸಂತೆಯಲ್ಲಿ ತಲಾ ಐದು ಸಾವಿರ ಏರಿತು ಎನ್ನಿ. ಸಂಪತ್ತು 35,000 ಏರುತ್ತದೆ, ಉಳಿತಾಯ 25,000ವೇ. ಮಿಕ್ಕ ಹತ್ತು ಸಾವಿರ ಯಾರ ತಪ್ಪೂ ಅಲ್ಲ, ಬರೀ ಬೆಲೆ ಏರಿಕೆ. ಹೆದ್ದಾರಿ ಬದಿ ಜಮೀನಿರುವ ಮನೆಯ ಹುಡುಗ ‘ಹಾಗಾದ್ರೆ ನಮ್ಮಪ್ಪನ ಆದಾಯ ಕೋಟಿ ಆಯ್ತು ಸಾರ್’ ಎಂದದ್ದು ಇದಕ್ಕೇ. ಅದು ಸಂಪತ್ತಿನ ಮರುಮೌಲ್ಯ, ರಾಷ್ಟ್ರೀಯ ಆದಾಯಕ್ಕೆ ಸೇರುವುದಿಲ್ಲ. ಏನಾದರೂ ಹೊಸದಾಗಿ ಉತ್ಪಾದನೆಯಾಗಿದ್ದರೆ ಮಾತ್ರ ಸೇರುತ್ತದೆ.

ಇಷ್ಟು ಹೇಳಿ ಹಲಗೆ ಒರೆಸುವಾಗ ಅದೇ ಹುಡುಗಿ ಕೈ ಎತ್ತಿದಳು. ‘ಸಾರ್, ಹಸು ಮಾರಿದ್ದು ಆದಾಯ ಅಲ್ಲ. ವರ್ಷದ ನಡುವೆ ಕರು ಹಾಕಿದ್ರೆ?’ ಕರು ಮನೆಯಲ್ಲೇ ಹುಟ್ಟಿದ್ದು, ಉತ್ಪಾದನೆಯೇ. ಒಂದು ಪೈಸೆ ಕೈಗೆ ಬರದಿದ್ದರೂ ಅದರ ಬೆಲೆ ಆ ವರ್ಷದ ಆದಾಯಕ್ಕೆ ಸೇರಬೇಕು ಎಂದೆ. ದುಡ್ಡು ಬಂದದ್ದು ಆದಾಯವಲ್ಲ, ದುಡ್ಡು ಬಾರದ್ದು ಆದಾಯ! ಹಿಂದಿನ ಬೆಂಚಿನವರು ಗೊಳ್ಳೆಂದರು. ಅವಳು ನಗಲಿಲ್ಲ. ಪುಸ್ತಕದಲ್ಲಿ ‘ಕರು’ ಎಂದು ಬರೆದು, ಪಕ್ಕದ ಜಾಗ ಖಾಲಿ ಬಿಟ್ಟು ಕೇಳಿದಳು: ‘ಗಂಡು ಕರು ಆದ್ರೆ ಎಷ್ಟು ಹಾಕ್ಲಿ ಸಾರ್?’