ಹೊಸದುರ್ಗ ಯಾವ ಕೋಷ್ಟಕದಲ್ಲಿದೆ?

ಎಂ.ಎ. ಶಿಕ್ಷಣಶಾಸ್ತ್ರದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಸಣ್ಣ ಪಟ್ಟಣದ ಪದವಿ ವಿದ್ಯಾರ್ಥಿಗಳ ಆನ್‌ಲೈನ್ ಕಲಿಕೆ. ಕ್ಷೇತ್ರ, ಚಿತ್ರದುರ್ಗ ಜಿಲ್ಲೆಯ ನಮ್ಮೂರು ಹೊಸದುರ್ಗ. ಸಾಹಿತ್ಯ ಸಮೀಕ್ಷೆಯ ಮೊದಲ ಕರಡು ಇಪ್ಪತ್ತೆಂಟು ಪುಟವಾಗಿತ್ತು. ಮಾರ್ಗದರ್ಶಕರು ಅದನ್ನು ಮೇಜಿನ ಮೇಲೆ ಹರಡಿಕೊಂಡು, ಪ್ರತಿ ಪ್ಯಾರಾದ ಮೊದಲ ಪದಕ್ಕೆ ಪೆನ್ಸಿಲ್‌ನಿಂದ ಸುತ್ತು ಹಾಕುತ್ತಾ ಹೋದರು. ಸುತ್ತಿನೊಳಗೆ ಬಿದ್ದದ್ದೆಲ್ಲ ಸಂಶೋಧಕರ ಹೆಸರುಗಳು. "ಹಾಜರಿ ಪುಸ್ತಕ ಓದಿದ ಹಾಗಾಯಿತಮ್ಮ. ಇವರೆಲ್ಲ ಸೇರಿ ನಿನ್ನ ಊರಿನ ಬಗ್ಗೆ ಏನು ಹೇಳುತ್ತಾರೆ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ಕರಡನ್ನು ಬದಿಗಿಟ್ಟು, ಓದಿದ್ದ ನಲವತ್ತೊಂದು ಅಧ್ಯಯನಗಳನ್ನು ಎಕ್ಸೆಲ್ ಹಾಳೆಗೆ ಇಳಿಸಿದೆ. ಅಧ್ಯಯನಕ್ಕೊಂದು ಸಾಲು. ಕಾಲಂಗಳು ಆರು: ಊರು ಮತ್ತು ಅದರ ಗಾತ್ರ, ಯಾವಾಗ ಕೇಳಿದರು, ಯಾರನ್ನು ಕೇಳಿದರು, ಹೇಗೆ ಕೇಳಿದರು, ಏನನ್ನು ಅಳೆದರು, ಏನು ಕಂಡರು. ತುಂಬುತ್ತಾ ಬಂದಂತೆ ಕೊನೆಯ ಕಾಲಂಗಿಂತ ಮೊದಲಿನವೇ ಹೆಚ್ಚು ಮಾತನಾಡತೊಡಗಿದವು. 'ಹೇಗೆ ಕೇಳಿದರು' ಎಂಬಲ್ಲಿ ಮತ್ತೆ ಮತ್ತೆ ಬಂದ ಉತ್ತರ ಗೂಗಲ್ ಫಾರ್ಮ್. ನೆಟ್ ಸಿಗದ ವಿದ್ಯಾರ್ಥಿ ಆ ಫಾರ್ಮ್ ತೆರೆಯುವುದೇ ಇಲ್ಲ, ಹಾಗಾಗಿ ಅವನ ಕಷ್ಟ ಶೇಕಡಾವಾರಿನಲ್ಲಿ ಬರುವುದೂ ಇಲ್ಲ. ಅಂಥ ಅಧ್ಯಯನಗಳನ್ನು ನಾನು ಕೈಬಿಡಲಿಲ್ಲ. 'ಆಗಲೇ ಸಂಪರ್ಕವಿದ್ದವರ ಅಭಿಪ್ರಾಯ' ಎಂದು ಸ್ಪಷ್ಟವಾಗಿ ಬರೆದು ಬಳಸಿಕೊಂಡೆ.

ಮೊದಲ ಕಾಲಂ ಬಹುಪಾಲು ಖಾಲಿ ಉಳಿಯಿತು. ಗ್ರಾಮೀಣ ಅಥವಾ ನಗರ ಎಂಬುದರಾಚೆಗೆ ಊರಿನ ವಿವರವೇ ಇರಲಿಲ್ಲ. ಹುಡುಕಿದ ಪದಗಳದ್ದೇ ದೋಷವಿರಬಹುದೆಂದು ಗೂಗಲ್ ಸ್ಕಾಲರ್‌ನಲ್ಲಿ ಹೀಗೆ ಮತ್ತೆ ಹುಡುಕಿದೆ:

```
("online learning" OR "e-learning") AND
("small town" OR "semi-urban") AND India
```

ಹೊಸದಾಗಿ ಸಿಕ್ಕವು ಕೆಲವೇ. ಶೋಧಗಂಗಾದ ಪಿಎಚ್.ಡಿ. ಪ್ರಬಂಧಗಳಲ್ಲೂ ಹೆಚ್ಚೇನೂ ದೊರೆಯಲಿಲ್ಲ.

ಕಾರಣ ತಿಳಿದದ್ದು ಮೂಲ ವರದಿಗಳನ್ನೇ ತೆರೆದಾಗ. ಬಹಳ ಲೇಖನಗಳು ಉಲ್ಲೇಖಿಸುವ ಅಂಕಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನದು: ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ಗ್ರಾಮೀಣ ಭಾರತದಲ್ಲಿ ಶೇ. 14.9, ನಗರದಲ್ಲಿ ಶೇ. 42. ಇದು 2017-18ರ ಲೆಕ್ಕ. ಕೋವಿಡ್ ಕಾಲದ ಸ್ಥಿತಿ ಎಂಬಂತೆ ಅದನ್ನು ಬಳಸಿದವರಿದ್ದಾರೆ, ನನ್ನ ಮೊದಲ ಕರಡಿನಲ್ಲೂ ಹಾಗೆಯೇ ಇತ್ತು. ಅದಕ್ಕಿಂತ ಮುಖ್ಯವಾದದ್ದು, ಆ 'ನಗರ'ದೊಳಗೆ ಬೆಂಗಳೂರೂ ಇದೆ, ನಮ್ಮ ಪುರಸಭೆಯಂಥ ಊರೂ ಇದೆ. ಇನ್ನೊಂದು ದೊಡ್ಡ ಆಕರ, ಶಾಲಾ ಶಿಕ್ಷಣದ ಸ್ಥಿತಿಗತಿಯ ವಾರ್ಷಿಕ ವರದಿಯಾದ ಅಸರ್‌ಗಾಗಿ 2020ರಲ್ಲಿ ಫೋನ್ ಮೂಲಕ ಮಾಡಿದ ಸಮೀಕ್ಷೆ. ಶಾಲೆಗೆ ದಾಖಲಾದ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದವು 2018ರ ಶೇ. 36.5ರಿಂದ ಶೇ. 61.8ಕ್ಕೆ ಏರಿದ್ದನ್ನು ಅದು ತೋರಿಸುತ್ತದೆ. ಆದರೆ ಅದು ಗ್ರಾಮೀಣ ಭಾರತಕ್ಕೆ ಸೀಮಿತ. ಹೀಗೆ ಹೊಸದುರ್ಗ ಒಂದರಲ್ಲಿ ಮಹಾನಗರದ ಜೊತೆ ಬೆರೆತು ಕಾಣದಾಗುತ್ತದೆ, ಇನ್ನೊಂದರಲ್ಲಿ ಇರುವುದೇ ಇಲ್ಲ. 'ಈ ಕುರಿತು ಅಧ್ಯಯನಗಳು ಕಡಿಮೆ' ಎಂದು ತೇಲಿಸಿ ಬರೆದಿದ್ದ ವಾಕ್ಯವನ್ನು ಹೊಡೆದುಹಾಕಿ, ಅಂತರ ಎಲ್ಲಿದೆ, ಏಕಿದೆ ಎಂಬುದನ್ನು ಎರಡು ಪುಟಗಳಲ್ಲಿ ತೋರಿಸಿದೆ.

ಅಧ್ಯಾಯದ ಚೌಕಟ್ಟಿಗೆ ಡಚ್ ಸಂಶೋಧಕ ಯಾನ್ ವಾನ್ ಡೈಕ್ ಅವರ ಡಿಜಿಟಲ್ ಅಸಮಾನತೆಯ ನಾಲ್ಕು ಹಂತಗಳು ಒದಗಿದವು: ಪ್ರೇರಣೆ, ಸಾಧನ, ಕೌಶಲ, ಬಳಕೆ. ಅಧ್ಯಯನಗಳನ್ನು 'ಏನನ್ನು ಅಳೆದರು' ಎಂಬ ಕಾಲಂ ನೋಡಿ ಈ ನಾಲ್ಕರಡಿ ಹಂಚಿದಾಗ, ಬಹುಪಾಲು ಸಾಧನದಡಿ ರಾಶಿಬಿದ್ದವು. ಮನೆಯಲ್ಲಿ ಫೋನ್ ಇದೆಯೇ ಎಂದು ಕೇಳಿದ್ದಾರೆ. ಬೆಳಗಿನ ಹತ್ತು ಗಂಟೆಯ ತರಗತಿಗೆ ಅದು ಮಗಳ ಕೈಗೆ ಬರುತ್ತದೆಯೇ ಎಂದು ಕೇಳಿದವರು ವಿರಳ. ಈಗ ಪ್ಯಾರಾಗಳು ಹೆಸರಿನಿಂದ ಶುರುವಾಗುತ್ತಿರಲಿಲ್ಲ. 'ಫೋನ್ ಇರುವುದು ಬೇರೆ, ಸಿಗುವುದು ಬೇರೆ' ಎಂಬಂಥ ಒಂದು ಮಾತಿನಿಂದ ಶುರುವಾಗಿ, ಅದನ್ನು ಒಪ್ಪುವ ಮತ್ತು ಒಪ್ಪದ ಅಧ್ಯಯನಗಳನ್ನು ಎದುರುಬದುರು ಕೂರಿಸುತ್ತಿದ್ದವು.

ಎರಡನೇ ಕರಡು ಹತ್ತೊಂಬತ್ತು ಪುಟಕ್ಕಿಳಿಯಿತು. ಅದನ್ನು ಓದಿದ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಕಾಲೇಜಿನ ಮಕ್ಕಳು ಎಲ್ಲಿಂದ ಬರುತ್ತಾರೆ?" ಬಹಳಷ್ಟು ಮಂದಿ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವವರು. ಕಾಲೇಜು ಮುಚ್ಚಿ ಪಾಠ ಆನ್‌ಲೈನ್ ಆದ ದಿನದಿಂದ ಅವರು ಪಟ್ಟಣದ ವಿದ್ಯಾರ್ಥಿಗಳಾಗಿ ಉಳಿಯಲಿಲ್ಲ. ಸಮೀಕ್ಷೆಗಳು ಎಣಿಸುವುದು ಮನೆ ಇರುವ ಜಾಗವನ್ನು. ನಾನು ಇಟ್ಟುಕೊಂಡಿದ್ದು ಕಾಲೇಜು ಇರುವ ಜಾಗವನ್ನು. ಹಾಳೆಗೆ ಏಳನೆಯ ಕಾಲಂ ಸೇರಿಸಿದೆ, 'ಎಲ್ಲಿ ಕುಳಿತು ಕಲಿತರು' ಎಂದು. ನಲವತ್ತೊಂದರಲ್ಲಿ ಅದನ್ನು ತುಂಬಲು ಸಾಧ್ಯವಾದದ್ದು ಮೂರು ಸಾಲುಗಳಿಗೆ. ನನ್ನ ಪ್ರಶ್ನಾವಳಿಯ ಮೊದಲ ಪ್ರಶ್ನೆ ಈಗ ಅದೇ.