ಗೆರೆ ಒಂದು ಹೇಳುತ್ತದೆ, ಬಾಣ ಇನ್ನೊಂದು: ಕಾಮಗಾರಿ ರಸ್ತೆಯಲ್ಲಿ ಯಾವುದನ್ನು ಅನುಸರಿಸಬೇಕು?

ರಸ್ತೆಯ ಮೇಲೆ ತುಂಡಿಲ್ಲದ ಬಿಳಿ ಗೆರೆ ಇದೆ. ದಾಟಬಾರದು ಎಂದು ಅದರ ಅರ್ಥ. ಆದರೆ ಕೋನ್‌ಗಳ ಸಾಲು ಅದೇ ಗೆರೆಯನ್ನು ಓರೆಯಾಗಿ ಹಾಯ್ದು ಆಚೆ ಬದಿಗೆ ಹೋಗಿದೆ. ಬಾಣದ ಫಲಕವೂ ಅತ್ತಲೇ ತೋರಿಸುತ್ತಿದೆ. ಇಲ್ಲಿ ಏನು ಮಾಡಬೇಕೆಂದು ತೋಚದೆ ದಿಢೀರನೆ ಬ್ರೇಕ್ ಒತ್ತಿದರೆ ಹಿಂದಿನ ವಾಹನ ಬಂದು ಗುದ್ದುತ್ತದೆ. ಗೆರೆಯನ್ನೇ ನಂಬಿ ನೇರ ಹೋದರೆ ಮುಂದೆ ಅಗೆದ ಗುಂಡಿ. ಇಂಥ ಜಾಗದಲ್ಲಿ ಯಾವುದರ ಮಾತು ನಡೆಯುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ.

ಎಲ್ಲಕ್ಕಿಂತ ಮೇಲಿನದು ಸಂಚಾರ ನಿಯಂತ್ರಿಸುತ್ತಿರುವ ಅಧಿಕೃತ ವ್ಯಕ್ತಿಯ ಸನ್ನೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವೂ ಹೀಗೆಯೇ ಹೇಳುತ್ತದೆ: ಆ ಸನ್ನೆಯ ಮುಂದೆ ದೀಪ, ಫಲಕ, ಗೆರೆ ಯಾವುದೂ ನಿಲ್ಲುವುದಿಲ್ಲ. ಅದರ ನಂತರ ಸಿಗ್ನಲ್ ದೀಪ. ಆಮೇಲೆ ತಾತ್ಕಾಲಿಕ ಫಲಕ ಮತ್ತು ಕೋನ್‌ಗಳು, ಅವುಗಳ ಕೆಳಗೆ ಕಾಯಂ ಫಲಕ, ಕೊನೆಗೆ ನೆಲದ ಮೇಲಿನ ಹಳೆಯ ಬಣ್ಣ. ಬಣ್ಣ ಕೊನೆಗೆ ಬರುವುದಕ್ಕೆ ಕಾರಣ ಸರಳ: ಅದನ್ನು ಬಳಿದಾಗ ಈ ಗುಂಡಿ ಇರಲಿಲ್ಲ. ಕೋನ್ ಇಟ್ಟವರಿಗೆ ಇವತ್ತಿನ ರಸ್ತೆ ಗೊತ್ತು.

ಕೆಲಸ ಬಹಳ ದಿನ ನಡೆಯುವ ಕಡೆ ಗೆರೆಗಳನ್ನೇ ಹೊಸದಾಗಿ ಎಳೆಯುತ್ತಾರೆ. ಜರ್ಮನಿಯಲ್ಲಿ ತಾತ್ಕಾಲಿಕ ಗೆರೆ ಹಳದಿ. ಹಳದಿ ಬಂದರೆ ಪಕ್ಕದ ಬಿಳಿ ಗೆರೆ ರದ್ದಾದಂತೆ. ಆದರೆ ಬಣ್ಣವೊಂದನ್ನೇ ಎಲ್ಲ ಕಡೆ ನಂಬುವಂತಿಲ್ಲ. ಅಮೆರಿಕದಲ್ಲಿ ಎದುರುಬದುರು ಸಂಚಾರವನ್ನು ಬೇರ್ಪಡಿಸುವ ಕಾಯಂ ಗೆರೆಯೇ ಹಳದಿ, ಅಲ್ಲಿ ಕಾಮಗಾರಿಯ ಗುರುತು ಕಿತ್ತಳೆ ಬಣ್ಣದ ಫಲಕ. ಹೊರನಾಡಿನಲ್ಲಿ ವಾಹನ ಓಡಿಸುವವರು ಇದನ್ನು ಮೊದಲೇ ತಿಳಿದುಕೊಂಡಿರಬೇಕು.

ಈ ಕ್ರಮ ಗೊತ್ತಿದ್ದವರೂ ಎಡವುವುದು ಇನ್ನೊಂದು ಕಡೆ. ತಾತ್ಕಾಲಿಕ ಫಲಕ ತಾನು ಹೇಳಿದ ಒಂದು ವಿಷಯವನ್ನು ಮಾತ್ರ ಬದಲಿಸುತ್ತದೆ. ಉಳಿದ ನಿಯಮಗಳೆಲ್ಲ ಹಾಗೆಯೇ ಇರುತ್ತವೆ. ಬಾಣ ‘ಗೆರೆ ದಾಟಿ ಆಚೆ ಹೋಗು’ ಎಂದರೆ ಆ ಜಾಗದಲ್ಲಿ ದಾಟಬಹುದು, ಅಷ್ಟೇ. ಮುಂದೆ ಅದೇ ಗೆರೆ ದಾಟಿ ಓವರ್‌ಟೇಕ್ ಮಾಡಲು ಅದು ಪರವಾನಗಿಯಲ್ಲ. ಡೈವರ್ಷನ್ ಫಲಕ ಬದಲಿ ದಾರಿ ತೋರಿಸುತ್ತದೆ. ಆ ದಾರಿಯ ವೇಗಮಿತಿ, ಸೇತುವೆಯ ಎತ್ತರದ ಮಿತಿ, ಅಡ್ಡರಸ್ತೆಯಲ್ಲಿ ದಾರಿ ಬಿಡಬೇಕೆಂಬ ನಿಯಮ ಯಾವುದನ್ನೂ ಅದು ಅಳಿಸುವುದಿಲ್ಲ. ಫಲಕದಲ್ಲಿ ಲಾರಿಯ ಚಿತ್ರವಿದ್ದರೆ ಆ ಡೈವರ್ಷನ್ ಲಾರಿಗಳಿಗೆ ಮಾತ್ರ.

ಒಂದು ರಸ್ತೆ ದಾಟಿ ನೋಡೋಣ

ಎಡಬದಿ ಸಂಚಾರದ, ನಡುವೆ ಡಿವೈಡರ್ ಇರುವ ಜೋಡಿ ರಸ್ತೆ ಎಂದಿಟ್ಟುಕೊಳ್ಳಿ. ಒಂದೊಂದು ಬದಿಗೆ ಎರಡು ಲೇನ್, ವೇಗಮಿತಿ ಗಂಟೆಗೆ 80 ಕಿ.ಮೀ. ನಿಮ್ಮ ಬದಿಯನ್ನು ಅಗೆದಿದ್ದಾರೆ. ಡಿವೈಡರ್ ಒಡೆದ ಜಾಗದಲ್ಲಿ ನಿಮ್ಮನ್ನು ಬಲಕ್ಕೆ ತಿರುಗಿಸಿ ಎದುರು ಬದಿಯ ಒಂದು ಲೇನ್‌ಗೆ ಹಾಕುತ್ತಾರೆ. ಉಳಿದ ಲೇನ್‌ನಲ್ಲಿ ಎದುರಿನ ವಾಹನಗಳು ಬರುತ್ತವೆ.

ಮೊದಲು ಕಾಣುವುದು ಕಾಮಗಾರಿಯ ಎಚ್ಚರಿಕೆ ಫಲಕ, ಸ್ವಲ್ಪ ಮುಂದೆ 40ರ ಮಿತಿ. ಎರಡೂ ಕೆಲಸದ ಜಾಗಕ್ಕಿಂತ ಸಾಕಷ್ಟು ಹಿಂದೆಯೇ ಇರುತ್ತವೆ. ಏಕೆಂದರೆ 80ರಲ್ಲಿ ಸಾಗುವ ಕಾರು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಒಣ ರಸ್ತೆಯಲ್ಲೂ, ಚಾಲಕ ಎಚ್ಚೆತ್ತು ಬ್ರೇಕ್ ಒತ್ತಿ ನಿಲ್ಲಿಸುವಷ್ಟರಲ್ಲಿ ಸುಮಾರು 70 ಮೀಟರ್ ದಾಟಿರುತ್ತದೆ. 40ರಲ್ಲಾದರೆ 25 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಮೊದಲ ಫಲಕ ಕಂಡಾಗಲೇ ಕನ್ನಡಿ ನೋಡಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. 40ರ ಫಲಕ ತಲುಪುವಾಗ ವೇಗ 40ಕ್ಕೆ ಇಳಿದಿರಬೇಕು. ಅಲ್ಲಿಂದ ಇಳಿಸಲು ಶುರು ಮಾಡುವುದಲ್ಲ.

ಇದರ ನಡುವೆ, ಮುಚ್ಚಲು ಮರೆತ ಹಳೆಯ 80ರ ಫಲಕವೊಂದು ಕಂಬದ ಮೇಲೆ ಕಾಣಬಹುದು. 40ರ ಫಲಕ ದಾಟಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಚೀಲ ಕಟ್ಟಿ ಮುಚ್ಚಿದ ಫಲಕ ಜಾರಿಯಲ್ಲಿಲ್ಲ, ಗಾಳಿಗೆ ಚೀಲ ಅರ್ಧ ಹರಿದಿದ್ದರೂ ಅಷ್ಟೇ. ಎರಡು ತಾತ್ಕಾಲಿಕ ಫಲಕಗಳೇ ಬೇರೆ ಬೇರೆ ವೇಗ ಹೇಳಿದರೆ ಕಡಿಮೆಯದನ್ನು ಹಿಡಿಯಿರಿ.

ಈಗ ಕೋನ್‌ಗಳು. ಅವು ಒಮ್ಮೆಲೇ ಅಡ್ಡ ಬರುವುದಿಲ್ಲ, ಓರೆಯಾಗಿ ನಿಮ್ಮನ್ನು ಎಡ ಲೇನ್‌ನಿಂದ ಬಲ ಲೇನ್‌ಗೆ ತಳ್ಳುತ್ತಾ ಹೋಗುತ್ತವೆ. ಈ ಓರೆ ಸಾಲಿನ ಉದ್ದಕ್ಕೆ ಅಮೆರಿಕದಲ್ಲಿ ಬಳಸುವ ಲೆಕ್ಕವೊಂದಿದೆ: ವೇಗ 70 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಲೇನ್‌ನ ಅಗಲವನ್ನು ವೇಗದಿಂದ ಗುಣಿಸಿ 1.6ರಿಂದ ಭಾಗಿಸುವುದು. 3.5 ಮೀಟರ್ ಲೇನ್, 80ರ ವೇಗವಾದರೆ 175 ಮೀಟರ್. ಅಷ್ಟು ವೇಗದ ರಸ್ತೆಯಲ್ಲಿ ನಾಲ್ಕೇ ಕೋನ್‌ಗಳಲ್ಲಿ ಲೇನ್ ಮುಗಿದುಹೋದರೆ ಅದನ್ನು ಇಟ್ಟವರು ತಪ್ಪಿದ್ದಾರೆಂದು ತಿಳಿದು ಇನ್ನಷ್ಟು ನಿಧಾನಿಸಿ, ಮುಂದಿನದೂ ಅಚ್ಚುಕಟ್ಟಾಗಿರುತ್ತದೆಂಬ ನಂಬಿಕೆ ಬೇಡ. ಒಂದೆರಡು ಕೋನ್ ಬಿದ್ದು ಕಿಂಡಿಯಾಗಿದ್ದರೆ ಅದನ್ನು ದಾರಿಯೆಂದು ತಿಳಿಯಬೇಡಿ. ಬಿದ್ದ ಕೋನ್ ನೋಡುವ ಬದಲು ನಿಂತಿರುವವುಗಳ ಸಾಲು ಎತ್ತ ಸಾಗಿದೆ ನೋಡಿ.

ಡಿವೈಡರ್ ದಾಟುವ ಜಾಗವೇ ಎಲ್ಲಕ್ಕಿಂತ ಗೊಂದಲದ್ದು. ನೆಲದ ಮೇಲೆ ಬಿಳಿ ಬಾಣ ನೇರ ಹೋಗು ಎನ್ನುತ್ತದೆ, ಅಂಚಿನ ಗೆರೆ ತುಂಡಿಲ್ಲದೆ ಸಾಗಿದೆ, ನ್ಯಾವಿಗೇಷನ್ ಕೂಡ ನೇರ ಎನ್ನುತ್ತದೆ. ಲೇನ್ ಹಿಡಿದು ಸಾಗುವ ವ್ಯವಸ್ಥೆಯಿರುವ ಕಾರು ಹಳೆಯ ಬಿಳಿ ಗೆರೆ ಓದಿ ಸ್ಟೀರಿಂಗ್ ಅನ್ನು ಹಿಂದಕ್ಕೆ ಎಳೆಯಲೂಬಹುದು. ಕಾಮಗಾರಿಯ ಮೊದಲ ಫಲಕದಲ್ಲೇ ಅದನ್ನು ಆರಿಸುವುದು ಒಳ್ಳೆಯದು. ಇಲ್ಲಿ ಕೋನ್‌ಗಳು ಕೊಟ್ಟ ದಾರಿಯೇ ದಾರಿ. ಗೆರೆಯನ್ನು ಅನುಮಾನವಿಲ್ಲದೆ ದಾಟಿ.

ಮಳೆಯ ರಾತ್ರಿಯಲ್ಲಿ ಇದಕ್ಕೊಂದು ತೊಡಕು ಸೇರುತ್ತದೆ. ಕೆರೆದು ತೆಗೆದ ಹಳೆಯ ಗೆರೆಯ ಗಾಯ, ಅಥವಾ ಅದರ ಮೇಲೆ ಬಳಿದ ಕಪ್ಪು ಬಣ್ಣ, ಒದ್ದೆ ಡಾಂಬರಿನ ಮೇಲೆ ದೀಪ ಬಿದ್ದಾಗ ಗೆರೆಯಂತೆಯೇ ಹೊಳೆಯುತ್ತದೆ. ನಿಜವಾದ ಗೆರೆಯಲ್ಲಿ ಬೆಳಕು ಹಿಂದಿರುಗಿಸುವ ಗಾಜಿನ ಮಣಿಗಳಿರುವುದರಿಂದ ಅದು ಒಣ ರಸ್ತೆಯಲ್ಲಿ ಬೇರೆಯಾಗಿ ಕಾಣುತ್ತದೆ, ಆದರೆ ನೀರಿನ ಪದರ ಆ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ಆಗ ನೆಲ ನೋಡುವುದು ಬಿಟ್ಟು ಕೋನ್‌ಗಳ ಹೊಳೆಯುವ ಪಟ್ಟಿಯನ್ನು ನೋಡುತ್ತಾ ಸಾಗಿ.

ಆಚೆ ಬದಿ ಸೇರಿದ ಮೇಲೆ ಅಲ್ಲಿನ ತುಂಡು ಗೆರೆ ಓವರ್‌ಟೇಕ್‌ಗೆ ಕರೆದಂತೆ ಕಾಣುತ್ತದೆ. ಆ ಗೆರೆ ಬಳಿದದ್ದು ಎರಡೂ ಲೇನ್ ಒಂದೇ ದಿಕ್ಕಿಗೆ ಹೋಗುತ್ತಿದ್ದಾಗ. ಈಗ ಅದರಾಚೆ ನಿಮ್ಮ ಎದುರಿಗೇ ವಾಹನ ಬರುತ್ತಿದೆ. ಈ ಇಡೀ ದಾರಿಯಲ್ಲಿ ಜೀವಕ್ಕೆ ಕುತ್ತು ತರುವ ತಪ್ಪು ಇದೇ. ದಾಟಬಾರದ ಗೆರೆಯನ್ನು ದಾಟಬೇಕಾಗಿ ಬಂದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ದಾಟಬಹುದಾಗಿದ್ದ ಗೆರೆ ದಾಟಬಾರದ್ದಾಗಿರುವುದು ಕಣ್ಣಿಗೆ ಬೀಳುವುದಿಲ್ಲ.

ಬಾವುಟದವರು, ದೀಪಗಳು

ಒಂದೇ ಲೇನ್‌ನಲ್ಲಿ ಸರದಿಯಂತೆ ಎರಡೂ ದಿಕ್ಕಿನ ವಾಹನ ಬಿಡುವ ಕಡೆ ಬಾವುಟ ಹಿಡಿದವರಿರುತ್ತಾರೆ. ‘ನಿಲ್ಲಿ’ ಎಂದರೆ ದಾರಿ ಖಾಲಿ ಕಂಡರೂ ನಿಲ್ಲಬೇಕು. ತಿರುವಿನಾಚೆ ಬರುತ್ತಿರುವ ವಾಹನ ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ‘ಹೋಗಿ’ ಎಂದಾಗ ಮಾತ್ರ ಒಮ್ಮೆ ನೀವೂ ನೋಡಿಕೊಂಡೇ ಹೊರಡಿ. ತಾತ್ಕಾಲಿಕ ದೀಪವೂ ಕಾಯಂ ಸಿಗ್ನಲ್ಲೂ ಒಟ್ಟಿಗೆ ಉರಿಯುತ್ತಿದ್ದು ಯಾವುದಾದರೂ ಒಂದು ಕೆಂಪಿದ್ದರೆ ನಿಲ್ಲಿ.

ಕೆಲಸಗಾರರು ಕಾಣದ ದಿನವೂ 40ರ ಮಿತಿ ಇದ್ದೇ ಇರುತ್ತದೆ. ಹೊಸ ಕಾಂಕ್ರೀಟ್ ಗಟ್ಟಿಯಾಗುತ್ತಿರಬಹುದು, ಅಂಚಿನಲ್ಲಿ ಒಂದಡಿ ಇಳಿಜಾರು ಇರಬಹುದು, ಜಲ್ಲಿ ಚೆಲ್ಲಿರಬಹುದು. ಕಾರಣ ಮರೆಯಲ್ಲಿದ್ದರೂ ಫಲಕ ತೆಗೆಯುವವರೆಗೆ ಮಿತಿ ಜಾರಿಯಲ್ಲಿರುತ್ತದೆ. ಮತ್ತೆ ನಿಮ್ಮ ಬದಿಗೆ ಮರಳಿದಾಗ ಕೊನೆಯ ಕೋನ್ ಕಂಡ ಕೂಡಲೇ ವೇಗ ಏರಿಸಬೇಡಿ. ಮಿತಿ ಮುಗಿಯಿತೆಂಬ ಫಲಕ ಅಥವಾ ಹೊಸ 80ರ ಫಲಕ ದಾಟಿದ ಮೇಲೆ ಹಳೆಯ ಗೆರೆಗಳ ಮಾತು ಮತ್ತೆ ನಡೆಯುತ್ತದೆ.