ರಂಗೋಲಿ ಸ್ಪರ್ಧೆ: ಅಂಕ ಬಿಟ್ಟು ಸ್ಥಾನ ಕೂಡಿದ ಮೇಲೆ ಜಗಳ ನಿಂತಿತು

ಮೈಸೂರಿನ ನಮ್ಮ ಬಡಾವಣೆಯಲ್ಲಿ ಗಣೇಶನ ಹಬ್ಬಕ್ಕೆ ರಂಗೋಲಿ ಸ್ಪರ್ಧೆ ನಡೆಸುವವಳು ನಾನೇ. ಬಹುಮಾನ ಕೊಟ್ಟ ಮರುದಿನ ಇಬ್ಬರಾದರೂ ಮಾತು ಬಿಡುವುದು ಮಾಮೂಲಾಗಿತ್ತು. ಅಂಕ ಕೂಡುವ ರೀತಿ ಬದಲಿಸೋಣ ಅಂದಾಗ ಸಮಿತಿಯವರು ನಕ್ಕರು. "ಯಾರ್ರೀ ಕೂತ್ಕೊಂಡು ಲೆಕ್ಕ ಹಾಕ್ತಾರೆ?" ಈಗ ಪಕ್ಕದ ಬಡಾವಣೆಯವರು ನಮ್ಮ ಕರಪತ್ರದ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಮೊದಲು ನಾವೂ ಬಹುಮಾನಕ್ಕೇ ದುಡ್ಡು ಸುರಿದಿದ್ದೆವು. ಮೊದಲ ಬಹುಮಾನ ಐದು ಸಾವಿರದ ಹತ್ತಿರ ಇಟ್ಟ ವರ್ಷವೇ ಜಗಳ ಜಾಸ್ತಿ. ಈಗ ಅದು ಒಂದೂವರೆ ಸಾವಿರ. ಉಳಿದ ದುಡ್ಡಲ್ಲಿ ಹೊರಗಿನ ಮೂವರು ತೀರ್ಪುಗಾರರಿಗೆ ಆಟೋ ಖರ್ಚು, ತಾಂಬೂಲ. ಪ್ರಾಯೋಜಕರ ಮನೆಯವರನ್ನು ತೀರ್ಪಿಗೆ ಕೂರಿಸುವುದಿಲ್ಲ.

ಮುಖ್ಯ ತೊಡಕು ಇದ್ದದ್ದು ಅಂಕ ಕೂಡುವುದರಲ್ಲಿ. ಒಬ್ಬ ತೀರ್ಪುಗಾರರು 50ಕ್ಕೆ ಎಲ್ಲರಿಗೂ ನಲವತ್ತರ ಆಸುಪಾಸು ಕೊಡುತ್ತಾರೆ. ಇನ್ನೊಬ್ಬರು ಒಬ್ಬರಿಗೆ 28, ಇನ್ನೊಬ್ಬರಿಗೆ 46 ಕೊಡುತ್ತಾರೆ. ಕೂಡಿದರೆ ಗೆಲ್ಲಿಸುವುದು ಈ ಎರಡನೆಯವರೇ. ಹಳೆಯ ಪಟ್ಟಿಯೊಂದರ ಮೂರು ರಂಗೋಲಿ ನೆನಪಿದೆ. 7ನೇ ರಂಗೋಲಿಗೆ 42, 43, 28, ಒಟ್ಟು 113. 12ನೆಯದಕ್ಕೆ 41, 40, 46, ಒಟ್ಟು 127. 19ನೆಯದಕ್ಕೆ 40, 42, 35, ಒಟ್ಟು 117. ಮೂವರಲ್ಲಿ ಇಬ್ಬರು 7ನೆಯದೇ ಚೆಂದ ಅಂದಿದ್ದರು, ಆದರೂ ಅದು ಕೊನೆಗೆ ಬಿತ್ತು. ಹಾಕಿದಾಕೆಗೆ ಕೋಪ ಬರದೆ ಇರುತ್ತಾ?

ಈಗ ಅಂಕ ಕೂಡುವುದಿಲ್ಲ. ಪ್ರತಿ ತೀರ್ಪುಗಾರರ ಅಂಕದಿಂದ ಒಂದು, ಎರಡು, ಮೂರು ಅಂತ ಸ್ಥಾನ ಬರೆದು, ಆ ಸ್ಥಾನಗಳನ್ನು ಕೂಡುತ್ತೇವೆ. ಕಡಿಮೆ ಬಂದವರು ಗೆದ್ದರು. ಅದೇ ಮೂರರ ನಡುವೆ ಸ್ಥಾನ ಹಾಕಿದರೆ 7ನೆಯದಕ್ಕೆ 1, 1, 3 ಸೇರಿ 5. 12ನೆಯದಕ್ಕೆ 6, 19ನೆಯದಕ್ಕೆ 7. ಒಬ್ಬರ ಕೈ ಎಷ್ಟೇ ಬಿಗಿಯಾದರೂ ಸಡಿಲವಾದರೂ ತೂಕ ಒಂದೇ. ಸಮ ಬಂದರೆ ರಂಗೋಲಿಯ ಎಳೆಗೆ ಸಿಕ್ಕ ಅಂಕ ಜಾಸ್ತಿ ಇದ್ದವರಿಗೆ ಗೆಲುವು. ಇದನ್ನು ಕರಪತ್ರದಲ್ಲೇ ಅಚ್ಚು ಹಾಕಿಸಬೇಕು, ಸಮ ಬಂದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಅಳೆಯುವ ಅಂಶಗಳಲ್ಲಿ ಮೊದಲು "ಸೌಂದರ್ಯ", "ಸೃಜನಶೀಲತೆ" ಅಂತ ಇತ್ತು. ಅವನ್ನು ತೆಗೆದೆ. ಹಾಕಿದವಳೇ ನಿಂತು ನೋಡಿ ಎಣಿಸಬಹುದಾದದ್ದನ್ನು ಬರೆದೆ. ಎಳೆ ಒಂದೇ ದಪ್ಪ ಇದೆಯಾ, ತಿರುವಿನಲ್ಲಿ ಕಡಿದಿದೆಯಾ ಎನ್ನುವುದಕ್ಕೆ 20. ಚುಕ್ಕಿ ಬಿಟ್ಟುಹೋಗಿದೆಯಾ, ಎರಡೂ ಬದಿ ಹೊಂದುತ್ತಾ ಎನ್ನುವುದಕ್ಕೆ 20. ಬಣ್ಣ ಗೆರೆ ದಾಟದೆ ತುಂಬಿದ್ದರೆ 10. ಚುಕ್ಕಿ ರಂಗೋಲಿಗೂ ನವಿಲು, ಗಣಪತಿ ಬಿಡಿಸುವ ಚಿತ್ರ ರಂಗೋಲಿಗೂ ಬೇರೆ ವಿಭಾಗ. ಇಲ್ಲದಿದ್ದರೆ ಬಣ್ಣದ ನವಿಲಿನ ಮುಂದೆ ಬಿಳಿ ಎಳೆ ಪ್ರತಿ ಸಲ ಸೋಲುತ್ತೆ.

ಕರಪತ್ರದ "ತೀರ್ಪುಗಾರರ ತೀರ್ಮಾನವೇ ಅಂತಿಮ" ಎಂಬ ಸಾಲೇ ಅನುಮಾನದ ಬೀಜ. ಈಗ ಹೀಗೆ ಬರೆಯುತ್ತೇನೆ: "ಜಾಗ 4 ಅಡಿ ಚೌಕ, ಚೀಟಿ ಎತ್ತಿ ಕೊಡಲಾಗುವುದು. ಸಮಯ ಒಂದೂವರೆ ಗಂಟೆ. ಅಚ್ಚು, ಜರಡಿ ಬಳಸುವಂತಿಲ್ಲ. ಮೊಬೈಲ್ ನೋಡಿ ಹಾಕಬಹುದು. ರಂಗೋಲಿಯ ಮೇಲೆ ಸಂಖ್ಯೆ ಮಾತ್ರ, ಹೆಸರಿಲ್ಲ. ಅಂಕಪಟ್ಟಿಯನ್ನು ಪೆಂಡಾಲಿನಲ್ಲಿ ಅಂಟಿಸುತ್ತೇವೆ. ಲೆಕ್ಕದಲ್ಲಿ ತಪ್ಪಿದ್ದರೆ ಅರ್ಧ ಗಂಟೆಯೊಳಗೆ ಹೇಳಿ, ಸರಿಪಡಿಸಿ ಆಮೇಲೆ ಬಹುಮಾನ ಕೊಡುತ್ತೇವೆ. ತೀರ್ಪುಗಾರರು ಕೊಟ್ಟ ಅಂಕ ಬದಲಾಗುವುದಿಲ್ಲ." ಚೀಟಿ ಎತ್ತುವುದು ಯಾಕೆ ಅಂದರೆ, ನಮ್ಮ ರಸ್ತೆ ಚರಂಡಿ ಕಡೆ ಇಳಿಜಾರು. ಅಲ್ಲಿ ಡಾಂಬರೂ ತರಿತರಿ, ಪುಡಿ ನಿಲ್ಲುವುದಿಲ್ಲ.

ಮೈಕಿನಲ್ಲಿ "ಎಲ್ಲರೂ ಚೆನ್ನಾಗಿ ಹಾಕಿದ್ದೀರಿ, ಆರಿಸುವುದು ಕಷ್ಟವಾಯಿತು" ಅನ್ನುವುದನ್ನೂ ನಿಲ್ಲಿಸಿದೆ. "7ನೇ ಸಂಖ್ಯೆ, ಸ್ಥಾನಗಳ ಮೊತ್ತ 5, ಎಳೆ ಎಲ್ಲೂ ಕಡಿದಿಲ್ಲ" ಅಂತ ಕಾರಣ ಮೊದಲು, ಹೆಸರು ಆಮೇಲೆ. ತೀರ್ಪುಗಾರರು ಒಬ್ಬರನ್ನೊಬ್ಬರು ಕೇಳಿ ಅಂಕ ಹಾಕದಂತೆ ನಾನೊಂದು ಉಪಾಯ ಮಾಡುತ್ತೇನೆ. ಅದನ್ನಿಲ್ಲಿ ಹೇಳಲ್ಲ, ಅವರೂ ಓದುತ್ತಾರೆ!

ಒಮ್ಮೆ ಜನರೇ ಆರಿಸಲಿ ಅಂತ ಡಬ್ಬಿಗಳಿಟ್ಟು, ತಲೆಗೊಂದು ಹುಣಸೆ ಬೀಜ ಕೊಟ್ಟೆವು. ದೊಡ್ಡ ಸಂಸಾರದವರು ಗೆದ್ದರು. ಸಂಕ್ರಾಂತಿಗೆ ಅವರೆಕಾಳಿನ ಅಡುಗೆ ಸ್ಪರ್ಧೆಗೂ ಇದೇ ಸ್ಥಾನದ ಲೆಕ್ಕ ಹಾಕಿದೆ. ಪಾತ್ರೆ ನೋಡಿದರೆ ಯಾರ ಮನೆಯದು ಅಂತ ಗೊತ್ತಾಗುತ್ತಲ್ಲ, ಅದಕ್ಕೆ ಎಲ್ಲರಿಗೂ ಒಂದೇ ತರಹದ ಬಟ್ಟಲು. ಆದರೆ ಏಳೆಂಟು ರುಚಿ ನೋಡುವಷ್ಟರಲ್ಲಿ ಖಾರಕ್ಕೆ ನಾಲಿಗೆ ಸತ್ತು, ಕೊನೆಯಲ್ಲಿ ಬಂದವೆಲ್ಲ ಸಪ್ಪೆ ಅನ್ನಿಸಿದವು. ಈಗ ಮೂವರು ಮೂರು ಬೇರೆ ಬಟ್ಟಲಿನಿಂದ ಶುರು ಮಾಡುತ್ತಾರೆ, ನಡುನಡುವೆ ಸಪ್ಪೆ ಮಂಡಕ್ಕಿ, ನೀರು.

ರಂಗೋಲಿ ಇಪ್ಪತ್ತೈದು ದಾಟಿದರೆ ಮಾತ್ರ ಸ್ಥಾನದ ಲೆಕ್ಕ ತೊಡಕಾಗುತ್ತೆ. ನಡುವಿನವುಗಳಲ್ಲಿ ಯಾವುದು ಹದಿಮೂರು, ಯಾವುದು ಹದಿನಾಲ್ಕು ಅಂತ ಹೇಳುವುದು ಯಾರಿಗೂ ಆಗಲ್ಲ. ಆಗ ಮೊದಲ ಸುತ್ತಿನಲ್ಲಿ ಅಂಕ ಬೇಡ, ಒಬ್ಬೊಬ್ಬರೂ ಎಂಟು ಸಂಖ್ಯೆ ಗುರುತು ಮಾಡಿಕೊಡಲಿ. ಇಬ್ಬರಾದರೂ ಗುರುತು ಮಾಡಿದವು ಮಾತ್ರ ಎರಡನೇ ಸುತ್ತಿಗೆ. ಆ ಪಟ್ಟಿಯನ್ನೂ ಪೆಂಡಾಲಿನಲ್ಲಿ ಅಂಟಿಸಿ.